ಅಜ್ಜನ ಮುಖ ತಾಳೆಯಾಗುತ್ತಿಲ್ಲ

ನವೆಂಬರ್ ಬಂತೆಂದರೆ ವಿಜಯಪುರದ ಬ್ಯಾಂಕುಗಳ ಮುಂದೆ ಬದುಕಿರುವವರ ಸಾಲು ಶುರುವಾಗುತ್ತದೆ. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ 'ನಾನಿನ್ನೂ ಇದ್ದೇನೆ' ಎಂದು ಸಾಬೀತು ಮಾಡಬೇಕು. ಇದನ್ನು ಬೆರಳು, ಕಣ್ಣು, ಮುಖ ತೋರಿಸಿ ಮಾಡುವ ಡಿಜಿಟಲ್ ಜೀವನ ಪ್ರಮಾಣ ಶುರುವಾಗಿದ್ದು 2014ರ ನವೆಂಬರ್ 10ಕ್ಕೆ. ಅದೇ ತಿಂಗಳ ಒಂದನೇ ತಾರೀಖು ನಮ್ಮ ಊರು ಬಿಜಾಪುರ ಹೋಗಿ ವಿಜಯಪುರವಾಗಿತ್ತು. ಊರಿಗೆ ಹೆಸರು ಬದಲಾದರೂ ಯಾರೂ 'ನೀನು ಅದೇ ಊರೇನು, ಕಣ್ಣು ಮಿಟುಕಿಸಿ ತೋರಿಸು' ಅನ್ನಲಿಲ್ಲ. ಮನುಷ್ಯರಿಗೆ ಆ ಸವಲತ್ತಿಲ್ಲ.

ನಮ್ಮ ಓಣಿಯ ಪಾಯಿಂಟ್ಸ್‌ಮನ್ ಅಜ್ಜನ ವಿಷಯಕ್ಕೆ ಬರೋಣ. ಮೀಟರ್ ಗೇಜ್ ಕಾಲದಲ್ಲಿ ಗೋಳಗುಮ್ಮಟದ ಪಕ್ಕದ ಸ್ಟೇಷನ್ನಿನಲ್ಲಿ ಹಳಿ ಬದಲಿಸುತ್ತಿದ್ದವರು. ವಯಸ್ಸು 78. ಎಂಬತ್ತು ತುಂಬಿದವರಿಗೆ ಅಕ್ಟೋಬರ್ ಒಂದರಿಂದಲೇ ಬದುಕಿರಲು ಅವಕಾಶವುಂಟು. ಅಜ್ಜ ಎರಡು ವರ್ಷ ಕಡಿಮೆ ಬಿದ್ದರು.

ಬೆರಳು ಒತ್ತಿದರೆ ಯಂತ್ರ ಒಪ್ಪಲಿಲ್ಲ. ಮೂವತ್ತೇಳು ವರ್ಷ ಕಬ್ಬಿಣ ಹಿಡಿದ ಕೈ, ಗೆರೆಗಳು ಸವೆದು ಹೋಗಿವೆ. ಸರಿ, ಮುಖ ತೋರಿಸಿ ಅಂದರು. ಮೊಬೈಲಿನ ಆ್ಯಪು ಮುಖ ನೋಡಿ, ಕಣ್ಣು ಮಿಟುಕಿಸಲು ಹೇಳಿ, ಆಧಾರ್ ಮಾಡಿಸುವಾಗ ತೆಗೆದ ಫೋಟೊದ ಜೊತೆ ಹೋಲಿಸುತ್ತದೆ. ಮಿಟುಕಿಸುವುದು ಯಾಕೆಂದರೆ, ಯಾರಾದರೂ ಸತ್ತವರ ಫೋಟೊ ಹಿಡಿದು ನಿಲ್ಲಬಾರದಲ್ಲ. ಅಜ್ಜ ಮಿಟುಕಿಸಿದರು. ಆ್ಯಪು ಒಪ್ಪಲಿಲ್ಲ. ಇನ್ನೊಮ್ಮೆ ಮಿಟುಕಿಸಿದರು. ಸಾಲಿನಲ್ಲಿದ್ದ ಅಜ್ಜಿಯೊಬ್ಬರು ತಪ್ಪು ತಿಳಿದುಕೊಂಡು ಸೆರಗು ಸರಿ ಮಾಡಿಕೊಂಡರು.

"ನಿಮ್ಮ ಮುಖ ಮ್ಯಾಚ್ ಆಗವಲ್ದ್ರೀ. ನಾಳೆ ಫೋಟೊ ತಗೊಂಡು ಬರ್ರಿ," ಅಂದ ಕೌಂಟರಿನ ಹುಡುಗ.

ಯಾವ ಫೋಟೊ ಅಂತ ಹೇಳಲಿಲ್ಲ. ರೈಲ್ವೆಯಲ್ಲಿ ದುಡಿದ ಮನುಷ್ಯ, ಆದೇಶ ಅರೆಬರೆ ಇದ್ದರೆ ಪೂರ್ತಿ ಪಾಲಿಸುವವರು. ಟ್ರಂಕು ತೆಗೆದು ಇದ್ದದ್ದನ್ನೆಲ್ಲ ತಂದರು. ಮೇಲಿದ್ದದ್ದು 1969ರ ಕಪ್ಪು-ಬಿಳುಪು ಫೋಟೊ. ಅದರ ಪಕ್ಕದಲ್ಲಿ ಹಿಂದಿನ ದಿನ ಸಂಜೆ ಗಾಂಧಿ ಚೌಕದ ಹತ್ತಿರ ತೆಗೆಸಿದ ಪಾಸ್‌ಪೋರ್ಟ್ ಸೈಜು. ಕೌಂಟರಿನ ಹುಡುಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ.

"ಯಜಮಾನ್ರ, ಇವರು ಯಾರ್ರೀ?"

"ನಾನs. ಇಪ್ಪತ್ಮೂರು ವರ್ಷದಾಂವ."

"ಮತ್ತ ಇವರು?"

"ಅವನೂ ನಾನs ಅಂತ ಫೋಟೊ ತೆಗದಾಂವ ಹೇಳ್ಯಾನ. ನನಗೂ ಸಂಶಯ ಐತಿ."

ಸಂಶಯ ಬರಬೇಕಾದ್ದೇ. ಹಳೆಯ ಫೋಟೊದಲ್ಲಿ ಕೋಟು, ಟೈ, ಹಿಂದೆ ಬಣ್ಣದಲ್ಲಿ ಬರೆದ ಸರೋವರ. ಕೋಟು ಸ್ಟುಡಿಯೊದ್ದು. ಅದಕ್ಕೆ ಬೆನ್ನೇ ಇರಲಿಲ್ಲವಂತೆ, ಮುಂದಿನಿಂದ ತೊಡಿಸಿ ಹಿಂದೆ ಪಿನ್ನು ಹಾಕುತ್ತಿದ್ದರಂತೆ. ಅಜ್ಜನೇ ಲೆಕ್ಕ ಕೊಟ್ಟರು: "ಆವಾಗ ಕೋಟು ಅವರದು, ಟೈ ಅವರದು, ಕೂದಲ ಮಾತ್ರ ನಂದು. ಈಗ ಅಂಗಿ ನಂದು, ಹಲ್ಲು ಡಾಕ್ಟರದು, ಕಣ್ಣಾಗಿನ ಲೆನ್ಸೂ ಡಾಕ್ಟರದು. ಕೂದಲ ಯಾರದೂ ಇಲ್ಲ."

ಆದರೆ ಆ ಫೋಟೊದ ದೊಡ್ಡ ಸುಳ್ಳು ಕೋಟಲ್ಲ, ಕೆನ್ನೆ. ಅಜ್ಜನಿಗೆ ಚಿಕ್ಕವರಿದ್ದಾಗ ಸಿಡುಬು ಬಂದಿತ್ತು. ಎಡಗೆನ್ನೆಯ ತುಂಬ ಕುಳಿ. ಫೋಟೊದಲ್ಲಿ ಕೆನ್ನೆ ನುಣ್ಣಗಿದೆ. ಆಗಿನ ಸ್ಟುಡಿಯೊಗಳಲ್ಲಿ ಟಚಿಂಗ್ ಅಂತ ಒಂದು ಕೆಲಸವಿತ್ತು. ನೆಗೆಟಿವ್‌ನಲ್ಲಿ ಎಲ್ಲ ತಿರುವುಮುರುವು ಅಲ್ವಾ, ಮುಖದ ಮೇಲೆ ಕಪ್ಪಾಗಿ ಕಾಣುವ ಕುಳಿ ಅಲ್ಲಿ ತೆಳ್ಳಗೆ, ತಿಳಿಯಾಗಿ ಕಾಣುತ್ತದೆ. ಗಟ್ಟಿ ಪೆನ್ಸಿಲ್ಲನ್ನು ಸೂಜಿಯಂತೆ ಚೂಪು ಮಾಡಿ, ಆ ತಿಳಿ ಜಾಗವನ್ನು ಸಣ್ಣಸಣ್ಣ ಗೆರೆಯಿಂದ ತುಂಬಿದರೆ, ಪ್ರಿಂಟು ಹಾಕಿದಾಗ ಕುಳಿ ಮಾಯ. ಒಳ್ಳೆಯ ಕೈಯಾದರೆ ಗೊತ್ತೇ ಆಗುವುದಿಲ್ಲ. ಜಾಸ್ತಿ ಉಜ್ಜಿದರೆ ಮುಖ ಮೇಣದ ಗೊಂಬೆಯಾಗುತ್ತದೆ, ರಂಧ್ರವೇ ಇರುವುದಿಲ್ಲ. ಅಜ್ಜನದು ಒಳ್ಳೆಯ ಕೈಗೆ ಸಿಕ್ಕಿದ ಮುಖ.

ಅದೇ ತೊಂದರೆಯಾಯಿತು. ಕೆಲಸಕ್ಕೆ ಸೇರುವಾಗ ಸರ್ವಿಸ್ ಪುಸ್ತಕದಲ್ಲಿ ಗುರುತಿನ ಚಿಹ್ನೆ ಬರೆಯುತ್ತಾರೆ. 'ಎಡಗೆನ್ನೆಯ ಮೇಲೆ ಸಿಡುಬಿನ ಕಲೆ' ಅಂತ ಬರೆದರು. ಪಕ್ಕದಲ್ಲಿ ಈ ಫೋಟೊ ಅಂಟಿಸಬೇಕು. ಗುಮಾಸ್ತರು ಪುಸ್ತಕ ನೋಡಿದರು, ಫೋಟೊ ನೋಡಿದರು, ಎದುರಿಗೆ ನಿಂತವನನ್ನು ನೋಡಿದರು. ಮೂವರು ಮೂರು ತರಹ. ಆಮೇಲೆ ಕೆಳಗೆ ಒಂದು ಸಾಲು ಬರೆದರಂತೆ: 'ಕಲೆ ಫೋಟೊದಲ್ಲಿ ಇಲ್ಲ, ಮುಖದಲ್ಲಿ ಇದೆ, ನಾನೇ ನೋಡಿದ್ದೇನೆ.' ಸಹಿ, ಸಿಕ್ಕ. ಚಹಾ ಆರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಈಗಿನ ಪಾಸ್‌ಪೋರ್ಟ್ ಸೈಜಿನ ಕಥೆ ಇನ್ನೂ ಚಂದ. ಅಂಗಡಿಯ ಹುಡುಗ ಕೇಳದೇ ಕಂಪ್ಯೂಟರಿನಲ್ಲಿ ಸುಕ್ಕು ಒರೆಸಿ, ಬಣ್ಣ ಎರಡು ಮೆಟ್ಟಿಲು ಮೇಲೇರಿಸಿ ಕೊಟ್ಟಿದ್ದಾನೆ. ಸುಕ್ಕಿನ ಜೊತೆ ಸಿಡುಬಿನ ಕಲೆಯೂ ಹೋಯಿತು. ಒಬ್ಬ ಪೆನ್ಸಿಲ್ಲಿನಿಂದ ಅಳಿಸಿದ್ದನ್ನೇ ಐವತ್ತು ಚಿಲ್ಲರೆ ವರ್ಷದ ಮೇಲೆ ಇನ್ನೊಬ್ಬ ಮೌಸಿನಿಂದ ಅಳಿಸಿದ. ಅಜ್ಜಿಗೆ ತೋರಿಸಿದರೆ, "ಯಾರದೋ ಮನಿ ಬೀಗರು ಬಂದಂಗ ಕಾಣ್ತೈತಿ," ಅಂದರಂತೆ.

ಇನ್ನು ಉಳಿದದ್ದು ಆಧಾರ್ ಫೋಟೊ, ಅದೇ ಅಸಲಿ ಪರೀಕ್ಷಕ. 2012ರಲ್ಲಿ ಶಾಲೆಯ ಕೋಣೆಯೊಂದರಲ್ಲಿ ಕ್ಯಾಂಪು ಹಾಕಿದ್ದರು. ಅದರಲ್ಲಿ ಯಾರು ತಾನೇ ಮನುಷ್ಯರಂತೆ ಬಂದಿದ್ದಾರೆ? ಅಜ್ಜ ಆಗಷ್ಟೇ ಹಲ್ಲು ಕೀಳಿಸಿಕೊಂಡಿದ್ದರು, ಹೊಸ ಸೆಟ್ಟು ಇನ್ನೂ ಬಂದಿರಲಿಲ್ಲ. ಕೆನ್ನೆ ಒಳಗೆ, ಗದ್ದ ಮೂಗಿನ ಹತ್ತಿರ. ಸರ್ಕಾರದ ಪ್ರಕಾರ ಅಜ್ಜನ ಅಧಿಕೃತ ಮುಖ ಅದು.

ಇಷ್ಟು ಹೊತ್ತೂ ಅಜ್ಜ ಕೌಂಟರಿನ ಎದುರೇ ನಿಂತಿದ್ದಾರೆ. ಬ್ಯಾಂಕಿಗೆ ಖುದ್ದಾಗಿ ಬಂದವರು ಕಾಗದದ ಫಾರಮ್ಮಿಗೆ ಸಹಿ ಮಾಡಿ ಕೊಟ್ಟರೂ ನಡೆಯುತ್ತದೆ, ಆ ದಾರಿ ಇನ್ನೂ ಮುಚ್ಚಿಲ್ಲ. ಬೇಡವೆಂದರೆ 70 ರೂಪಾಯಿ ಕೊಟ್ಟರೆ ಪೋಸ್ಟ್‌ಮನ್ ಮನೆಗೇ ಬಂದು ಮಾಡಿಕೊಡುತ್ತಾನೆ. ಆದರೆ ಕೌಂಟರಿನ ಹುಡುಗ, "ಫಾರಂ ಕೊಟ್ಟರ ಮ್ಯಾನೇಜರ್ ಸಾಹೇಬ್ರು ನೀವು ಯಾರು ಅಂತ ನೋಡಬೇಕ್ರೀ, ಅವರು ಮೀಟಿಂಗ್‌ನ್ಯಾಗ ಅದಾರ," ಅಂದ. ನೋಡುವ ಕೆಲಸಕ್ಕೆ ಮನುಷ್ಯ ಸಿಗದಷ್ಟು ನಾವು ಮುಂದುವರಿದಿದ್ದೇವೆ.

ದಾರಿ ತೋರಿಸಿದ್ದು ಮೊಮ್ಮಗಳು. ಆಧಾರ್ ಕಾರ್ಡನ್ನೂ ಅಜ್ಜನನ್ನೂ ಒಮ್ಮೆ ನೋಡಿ, "ಅಜ್ಜಾ, ಹಲ್ಲು ತಗಿ," ಅಂದಳು.

ಅಜ್ಜ ಬ್ಯಾಂಕಿನ ನಡುವೆ ಹಲ್ಲಿನ ಸೆಟ್ಟು ತೆಗೆದು ಕರವಸ್ತ್ರದಲ್ಲಿ ಸುತ್ತಿದರು. ಬೆನ್ನ ಹಿಂದೆ ಕಿಟಕಿಯ ಬೆಳಕು ಬರದಂತೆ ಮೊಮ್ಮಗಳು ಅವರನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಳು. ಕೆನ್ನೆ ಒಳಹೋಯಿತು, ಗದ್ದ ಮೇಲೆದ್ದಿತು. ಕಣ್ಣು ಮಿಟುಕಿಸಿದರು. ಆ್ಯಪು ತಕ್ಷಣ ಒಪ್ಪಿತು. ಪ್ರಮಾಣದ ನಂಬರೂ ಮೊಬೈಲಿಗೆ ಬಂತು. ಪಿಂಚಣಿಯ ಮಟ್ಟಿಗೆ ಅಜ್ಜ ಇನ್ನೊಂದು ವರ್ಷ ಜೀವಂತ.

"ಆತ್ರೀ ಯಜಮಾನ್ರ, ಅಭಿನಂದನೆ," ಅಂದ ಕೌಂಟರಿನ ಹುಡುಗ. "ಇನ್ನ ಕೆವೈಸಿಗೆ ಒಂದು ಹೊಸಾ ಫೋಟೊ ಬೇಕು. ಇದು ನಡಿಯೂದಿಲ್ಲ, ಇದರಾಗ ನೀವು ಭಾಳ ಬೆಳ್ಳಗ ಅದೀರಿ."

ಅಜ್ಜ ಬೊಚ್ಚುಬಾಯಲ್ಲೇ ಕೇಳಿದರು, "ಹಲ್ಲು ಹಾಕ್ಕೊಂಡು ತಗಸ್ಲೋ, ತಗದು ತಗಸ್ಲೋ?"

ಹುಡುಗ ಯೋಚಿಸಿದ. ಸಿಸ್ಟಮ್ಮಿನಲ್ಲಿ ಹುಡುಕಿದ. ಪಕ್ಕದ ಕೌಂಟರಿನವರನ್ನು ಕೇಳಿದ. ಅವರು ಸುತ್ತೋಲೆ ಬರಬೇಕು ಅಂದರು.