ಲಾಭ ಸಾಲದು, ಆದ್ದರಿಂದ ಪಗಾರ ಹೆಚ್ಚಿಸಿ

ಆಗಸ್ಟ್, ಸೆಪ್ಟೆಂಬರ್ ಬಂತೆಂದರೆ ಕಂಪನಿಗಳ ವಾರ್ಷಿಕ ಸಭೆಯ ಸುಗ್ಗಿ. ವಾಣಿಜ್ಯ ಪುಟದಲ್ಲಿ ಪ್ರತಿ ವರ್ಷವೂ ಅದೇ ಸುದ್ದಿ: ಲಾಭ ಇಳಿಯಿತು, ಎಂ.ಡಿ. ಸಾಹೇಬರ ಸಂಬಳ ಏರಿತು. ಹೆಸರು ಬೇಡ ಬಿಡಿ, ನಿಮಗೆ ಗೊತ್ತೇ ಇದೆ. ನನಗೆ ಖುಷಿ ಕೊಡುವುದು ಷೇರುದಾರರಿಗೆ ಬರುವ ನೋಟಿಸಿನ ಒಕ್ಕಣೆ. ಸುತ್ತುಬಳಸಿ ಅದು ಹೇಳುವುದಿಷ್ಟು: ಕಂಪನಿಗೆ ಸಾಕಷ್ಟು ಲಾಭ ಬಂದಿಲ್ಲ, ಆದ್ದರಿಂದ ಸಾಹೇಬರಿಗೆ ಮಿತಿಗಿಂತ ಜಾಸ್ತಿ ಕೊಡಲು ನಿಮ್ಮ ಒಪ್ಪಿಗೆ ಬೇಕು.

ಕಲಬುರಗಿ ಗಂಜಿನಲ್ಲಿ ಅಡತಿ ಅಂಗಡಿ ಇಟ್ಟಿರುವ ನಮ್ಮ ಕಾಕಾ ಇದನ್ನು ಎರಡು ಸಲ ಓದಿಸಿದರು. "ಲಾಭ ಆಗಿಲ್ಲಂತ ಪಗಾರ ಹೆಚ್ಚಿಗಿ ಕೊಡತಾರೇನು? ನಮ್ಮಲ್ಲಿ ಮುನೀಮ ಹಿಂಗ ಕೇಳಿದ್ರ ಸೀದಾ ಮನಿಗಿ ಕಳಸ್ತಿದ್ದೆ ನೋಡು."

ಕಾಕಾನಿಗೆ ಕಾನೂನು ಗೊತ್ತಿಲ್ಲ, ಪಾಪ. 2013ರ ಕಂಪನಿ ಕಾಯ್ದೆಯ 197ನೇ ಕಲಮು ನೋಡಲು ಬಲು ಕಟ್ಟುನಿಟ್ಟು. ಪಬ್ಲಿಕ್ ಕಂಪನಿಯ ನಿರ್ದೇಶಕರಿಗೆಲ್ಲ ಸೇರಿ ನಿವ್ವಳ ಲಾಭದ 11 ಪರ್ಸೆಂಟ್ ದಾಟಬಾರದು. ಎಂ.ಡಿ. ಒಬ್ಬರೇ ಇದ್ದರೆ ಅವರಿಗೆ 5 ಪರ್ಸೆಂಟ್. ನಿವ್ವಳ ಅಂದ ಕೂಡಲೇ ತೆರಿಗೆ ಕಟ್ಟಿ ಉಳಿದದ್ದು ಅಂದುಕೊಳ್ಳಬೇಡಿ. ಈ ಲೆಕ್ಕದಲ್ಲಿ ಆದಾಯ ತೆರಿಗೆ ಕಳೆಯುವ ಹಾಗಿಲ್ಲ. ನಿರ್ದೇಶಕರ ಸಂಬಳವನ್ನೂ ಕಳೆಯುವ ಹಾಗಿಲ್ಲ. ಅಳೆಯುವ ಸೇರೇ ಸ್ವಲ್ಪ ದೊಡ್ಡದು.

ಒಂದು ಕಂಪನಿಯ ಲಾಭ 40 ಕೋಟಿ ಅಂತ ಇಟ್ಟುಕೊಳ್ಳಿ. ಸಾಹೇಬರ ಮಿತಿ 2 ಕೋಟಿ. ಮರುವರ್ಷ ಲಾಭ 6 ಕೋಟಿಗೆ ಬಿತ್ತು. 5 ಪರ್ಸೆಂಟ್ ಅಂದರೆ 30 ಲಕ್ಷ. ಸಾಹೇಬರು 30 ಲಕ್ಷಕ್ಕೆ ಇಳಿದರಾ? ಛೇ, ಎಲ್ಲಾದರೂ ಉಂಟೇ. ಲಾಭ ಸಾಲದಿದ್ದರೆ ಐದನೇ ಅನುಸೂಚಿ ಅಂತ ಒಂದು ಹಿಂಬಾಗಿಲಿದೆ. ಅಲ್ಲಿ ಲಾಭದ ಮಾತೇ ಇಲ್ಲ. 'ಪರಿಣಾಮಕಾರಿ ಬಂಡವಾಳ' ಎಷ್ಟಿದೆ ಅಂತ ನೋಡುತ್ತಾರೆ. ಅದು 100ರಿಂದ 250 ಕೋಟಿಯ ನಡುವೆ ಇದ್ದರೆ ವರ್ಷಕ್ಕೆ 1 ಕೋಟಿ 20 ಲಕ್ಷ. ಲಾಭ 6 ಕೋಟಿ ಇದ್ದರೂ ಅಷ್ಟೇ, ಸೊನ್ನೆ ಇದ್ದರೂ ಅಷ್ಟೇ, ಕಂಪನಿ ನಷ್ಟದಲ್ಲಿ ಮುಳುಗಿದ್ದರೂ ಅಷ್ಟೇ. ಬಂಡವಾಳ ಪೂರ್ತಿ ಕರಗಿ ಮೈನಸ್ಸಿಗೆ ಹೋಗಿದ್ದರೂ 60 ಲಕ್ಷಕ್ಕೆ ಮೋಸವಿಲ್ಲ.

ಇನ್ನೂ ಒಂದು ಸ್ವಾರಸ್ಯ ಕೇಳಿ. ಈ ಬಂಡವಾಳದ ಲೆಕ್ಕಕ್ಕೆ ಷೇರು ಹಣ, ಮೀಸಲು ನಿಧಿ ಜೊತೆಗೆ ದೀರ್ಘಾವಧಿ ಸಾಲವೂ ಸೇರುತ್ತದೆ. ಸಂಚಿತ ನಷ್ಟ, ಬೇರೆ ಕಡೆ ಹೂಡಿದ ಹಣ ಕಳೆಯುತ್ತಾರೆ, ಅದೇನೋ ನಿಜ. ಆದರೆ ಬ್ಯಾಂಕಿನಿಂದ ದೊಡ್ಡ ಸಾಲ ತಂದಷ್ಟೂ ಸಾಹೇಬರ ಸಂಬಳದ ಮಿತಿ ಮೇಲೇರುವ ಸಾಧ್ಯತೆಯಂತೂ ಇದೆ. ಅಫಜಲಪುರದ ರೈತ ಸಾಲ ಮಾಡಿದರೆ ಅವನ ಮೇಲೆ ನೋಟಿಸು ಬರುತ್ತದೆ. ಇವರು ಮಾಡಿದರೆ ಬಂಡವಾಳ!

ಈ 1 ಕೋಟಿ 20 ಲಕ್ಷವೂ ಸಾಲದು ಅಂದರೆ? ವಿಶೇಷ ನಿರ್ಣಯ. ಷೇರುದಾರರು ಅದನ್ನು ಪಾಸು ಮಾಡಿದರೆ ಅದಕ್ಕಿಂತಲೂ ಜಾಸ್ತಿ ಕೊಡಬಹುದು. ಮೊದಲು ಇಂಥದ್ದಕ್ಕೆ ದಿಲ್ಲಿಗೆ ಹೋಗಿ ಕೇಂದ್ರ ಸರ್ಕಾರದ ಒಪ್ಪಿಗೆ ತರಬೇಕಿತ್ತು. 2018ರಿಂದ ಆ ಅಲೆದಾಟ ತಪ್ಪಿದೆ. ಸಾಲದ ಕಂತು ಕಟ್ಟದೆ ಸುಸ್ತಿಯಾಗಿದ್ದರೆ ಮಾತ್ರ ಮೊದಲು ಬ್ಯಾಂಕಿನವರನ್ನು ಕೇಳಬೇಕು.

ನೋಟಿಸಿನ ಜೊತೆ ಒಂದು ವಿವರಣೆ ಕಡ್ಡಾಯ. ಅದನ್ನು ಪುರುಸೊತ್ತಿನಲ್ಲಿ ಓದಬೇಕು. ಒಂದು ಕಡೆ ಸಾಹೇಬರಿಗೆ ಸಿಕ್ಕ ಪ್ರಶಸ್ತಿ ಪುರಸ್ಕಾರಗಳು. ಅದರ ಕೆಳಗೆ, ನಷ್ಟಕ್ಕೆ ಕಾರಣಗಳು. ಕಾರಣ ಯಾವಾಗಲೂ ಕಲ್ಲಿದ್ದಲು, ಮಳೆ, ಯುದ್ಧ, ಮಾರುಕಟ್ಟೆ. ಸಾಹೇಬರು ಮಾತ್ರ ಅಲ್ಲ. ಲಾಭ ಬಂದ ವರ್ಷ ತೆಗೆದು ನೋಡಿ, ಅಲ್ಲಿ ಮಳೆಯ ಸುದ್ದಿಯೇ ಇರುವುದಿಲ್ಲ, ಬರೀ ದೂರದೃಷ್ಟಿಯ ನಾಯಕತ್ವ.

ಇಷ್ಟೆಲ್ಲ ತೂಗಿ ನೋಡಲು ನಾಮನಿರ್ದೇಶನ ಮತ್ತು ಸಂಭಾವನೆ ಸಮಿತಿ ಇದೆ. ಷೇರುಪೇಟೆಯ ಕಂಪನಿಯಾದರೆ ಕನಿಷ್ಠ ಮೂವರು, ಮೂರನೇ ಎರಡರಷ್ಟು ಸ್ವತಂತ್ರ ನಿರ್ದೇಶಕರು, ಅಧ್ಯಕ್ಷರೂ ಸ್ವತಂತ್ರರೇ. ವರ್ಷಕ್ಕೆ ಒಂದು ಸಲ ಕೂತರೂ ನಿಯಮಕ್ಕೆ ಸಾಕು. ಒಂದು ಸಭೆಗೆ ಒಬ್ಬರಿಗೆ 1 ಲಕ್ಷ ರೂಪಾಯಿವರೆಗೆ ಕೂರುವ ಫೀಸು ಕೊಡಬಹುದು. ತೊಗರಿಗೆ 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 8,000 ರೂಪಾಯಿ. ಅಂದರೆ ಒಬ್ಬ ಮಹನೀಯರು ಒಂದು ಸಲ ಕೂತು ಎದ್ದರೆ ಹನ್ನೆರಡೂವರೆ ಕ್ವಿಂಟಾಲ್ ತೊಗರಿ. ಜೂನಿನಲ್ಲಿ ಬಿತ್ತಿ, ನೆಟೆ ರೋಗಕ್ಕೆ ಹೆದರಿ, ಕಾಯಿಕೊರಕಕ್ಕೆ ಔಷಧಿ ಹೊಡೆದು, ಡಿಸೆಂಬರ್‌ವರೆಗೆ ಕಾದರೂ ನಮ್ಮ ಖುಷ್ಕಿ ಹೊಲದಲ್ಲಿ ಎಕರೆಗೆ ಮೂರ್ನಾಲ್ಕು ಕ್ವಿಂಟಾಲ್ ಬಂದರೆ ಪುಣ್ಯ. ಅದೂ ಬೆಂಬಲ ಬೆಲೆಗೆ ಖರೀದಿ ಕೇಂದ್ರ ತೆರೆದರೆ. ಕೂರುವ ಕೆಲಸಕ್ಕೆ ಇಷ್ಟು ಬೆಲೆ ಇದೆ ಅಂತ ಗೊತ್ತಿದ್ದರೆ ಚೌಕ್ ಸರ್ಕಲ್ಲಿನ ಕಟ್ಟೆಯ ಮೇಲೆ ಇಡೀ ದಿನ ಕೂರುವವರು ಎಂದೋ ಕೋಟ್ಯಧಿಪತಿಗಳಾಗುತ್ತಿದ್ದರು.

ಸಮಿತಿ ಸಂಬಳ ನಿಗದಿ ಮಾಡುವ ರೀತಿಯೂ ಚೆಂದ. ಇದೇ ಉದ್ಯಮದ ಬೇರೆ ಸಾಹೇಬರಿಗೆ ಎಷ್ಟಿದೆ ಅಂತ ಪಟ್ಟಿ ತರಿಸುತ್ತಾರೆ. ನಮ್ಮವರು ಪಟ್ಟಿಯ ನಡುವಿಗಿಂತ ಕೆಳಗಿದ್ದರೆ ಅವಮಾನ, ಸ್ವಲ್ಪ ಮೇಲಿಡೋಣ ಅನ್ನುತ್ತಾರೆ. ಮರುವರ್ಷ ಪಕ್ಕದ ಕಂಪನಿಯ ಸಮಿತಿ ಇವರನ್ನು ನೋಡಿ ತನ್ನವರನ್ನು ಮೇಲಿಡುತ್ತದೆ. ಎಲ್ಲರೂ ನಡುವಿಗಿಂತ ಮೇಲಿರಬೇಕು ಅಂತ ಹಟ ಹಿಡಿದರೆ ಆ ನಡು ಎಲ್ಲಿ ನಿಲ್ಲಬೇಕು ಪಾಪ? ಇನ್ನು ಈ ಸ್ವತಂತ್ರ ನಿರ್ದೇಶಕರನ್ನು ಹುಡುಕಿ ಶಿಫಾರಸು ಮಾಡುವುದೂ ಇದೇ ಸಮಿತಿ. ಆರಿಸಲು ಅತಿ ಹೆಚ್ಚು ವೋಟು ಇರುವುದು ಸಾಮಾನ್ಯವಾಗಿ ಸಾಹೇಬರ ಮನೆಯವರ ಕೈಯಲ್ಲಿ. ಮುಂದಿನದು ನೀವೇ ಯೋಚಿಸಿ.

ತಮಾಷೆ ಸಾಕು. ಷೇರುಪೇಟೆಯ ಕಂಪನಿಗಳು ಇನ್ನೊಂದು ಅಂಕಿ ಪ್ರಕಟಿಸಲೇಬೇಕು. ನೌಕರರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ, ನಟ್ಟನಡುವೆ ನಿಂತವನ ಸಂಬಳದ ಎಷ್ಟು ಪಟ್ಟು ಸಾಹೇಬರಿಗೆ ಸಿಗುತ್ತದೆ ಅನ್ನುವ ಲೆಕ್ಕ. ಒಳ್ಳೆಯ ನಿಯಮ. ಆದರೆ ಸಾಲಿನಲ್ಲಿ ನಿಲ್ಲುವವರು ಯಾರು? ನಮ್ಮ ಸೇಡಂ, ಚಿತ್ತಾಪುರ ಕಡೆಯ ಸಿಮೆಂಟ್ ಪ್ಲಾಂಟುಗಳಿಗೆ ಹೋಗಿ ನೋಡಿ. ಮೇ ತಿಂಗಳ ಬಿಸಿಲು, ಮೂಗಿಗೆ ಟವೆಲ್, ರೆಪ್ಪೆಯ ಮೇಲೂ ಬೂದಿ ಬಣ್ಣದ ಧೂಳು. 50 ಕೆ.ಜಿ. ಚೀಲಗಳನ್ನು ಲಾರಿಯಲ್ಲಿ ಜೋಡಿಸುವವನು ಹೆಚ್ಚಾಗಿ ಗುತ್ತಿಗೆಯವನು. ಕಂಪನಿಯ ಪಟ್ಟಿಯಲ್ಲಿ ಅವನ ಹೆಸರಿಲ್ಲ, ಗುತ್ತಿಗೆದಾರನ ಪಟ್ಟಿಯಲ್ಲಿದೆ. ಹಾಗಾಗಿ ಅವನು ಆ ಸಾಲಿಗೇ ಬರುವುದಿಲ್ಲ. ಕಡಿಮೆ ಕೂಲಿಯವರು ಹೊರಗುಳಿದರೆ ನಡುವೆ ನಿಂತವನ ಸಂಬಳ ಜಾಸ್ತಿ ಕಾಣುತ್ತದೆ. ಸಾಹೇಬರು 200 ಪಟ್ಟು ಇದ್ದವರು 90 ಪಟ್ಟು ಆಗಿ ಕಾಣಬಹುದು. ಅವನ ಬೆವರು ಲಾಭದ ಲೆಕ್ಕಕ್ಕೆ ಬೇಕು, ಅವನ ಕೂಲಿ ಮಾತ್ರ ಹೋಲಿಕೆಗೆ ಬೇಡ. ಇದಕ್ಕೆ ಬೇರೆ ಹೆಸರು ಕೊಡುವ ಶಕ್ತಿ ನನಗಿಲ್ಲ. ನಾಚಿಕೆಗೇಡು, ಅಷ್ಟೇ.

"ನಾವು ಒಲ್ಲೆ ಅಂದ್ರ ನಡೀತದೇನು?" ಅಂತ ಕಾಕಾ ಕೇಳಿದರು. ನಡೆಯುತ್ತದೆ, ಅಪರೂಪಕ್ಕೆ. ವಿಶೇಷ ನಿರ್ಣಯ ಗೆಲ್ಲಲು ವಿರೋಧದ ಮೂರು ಪಟ್ಟು ವೋಟು ಪರವಾಗಿ ಬೀಳಬೇಕು. ಪ್ರವರ್ತಕರ, ಅಂದರೆ ಸಾಹೇಬರ ಮನೆಯವರ ಕೈಯಲ್ಲಿ 60 ಪರ್ಸೆಂಟ್ ವೋಟು ಇದ್ದು, ತಮ್ಮ ಸಂಬಳಕ್ಕೆ ತಾವೇ ಜೈ ಅಂದರು ಅನ್ನಿ. ಉಳಿದ 40ರಲ್ಲಿ 20ಕ್ಕಿಂತ ಜಾಸ್ತಿ ವಿರುದ್ಧ ಬಿದ್ದು, ಮಿಕ್ಕವರು ಸುಮ್ನೆ ಕೂತರೆ ನಿರ್ಣಯ ಬಿತ್ತು. 2018ರಲ್ಲಿ ಅಪೊಲೊ ಟೈರ್ಸ್‌ನಲ್ಲಿ, 2021ರಲ್ಲಿ ಐಷರ್ ಮೋಟರ್ಸ್‌ನಲ್ಲಿ ಎಂ.ಡಿ. ಮರುನೇಮಕದ ನಿರ್ಣಯ ಹೀಗೇ ಬಿದ್ದಿತ್ತು. ಎರಡೂ ಕಡೆ ಸಂಬಳಕ್ಕೆ ಕಡಿವಾಣ ಹಾಕಿಕೊಂಡು ಮತ್ತೆ ಷೇರುದಾರರ ಮುಂದೆ ಬರಬೇಕಾಯಿತು.

ಬೀಳಿಸಿದ್ದು ಕಾಕಾನಂಥವರ ಹತ್ತಿಪ್ಪತ್ತು ಷೇರಲ್ಲ, ಮ್ಯೂಚುವಲ್ ಫಂಡ್‌ನಂಥ ದೊಡ್ಡ ಹೂಡಿಕೆದಾರರು. ನೀವು ತಿಂಗಳಿಗೆ ಎರಡು ಸಾವಿರ ಎಸ್‌ಐಪಿ ಕಟ್ಟುತ್ತಿದ್ದರೆ ಅದರಲ್ಲಿ ನಿಮ್ಮ ದುಡ್ಡೂ ಇದೆ. ವೋಟು ಹಾಕುವವರು ಫಂಡ್‌ನವರು. ಈಗ ಅವರು ವೋಟು ಹಾಕಲೇಬೇಕು, ಪರವೋ ವಿರುದ್ಧವೋ, ಯಾಕೆ ಅಂತ ಕಾರಣದ ಸಮೇತ ತಮ್ಮ ವೆಬ್‌ಸೈಟಿನಲ್ಲಿ ಹಾಕಲೇಬೇಕು. ಕಾಕಾನ ಮಗಳು ಮೇಷ್ಟ್ರು, ಎಸ್‌ಐಪಿ ಕಟ್ಟುತ್ತಾಳೆ. ಮೊಬೈಲಿನಲ್ಲಿ ಹುಡುಕಿ ತೆಗೆದಳು. ಅವಳ ದುಡ್ಡು ಸಾಹೇಬರ ಪರ ವೋಟು ಹಾಕಿತ್ತು. ಕಾರಣದ ಜಾಗದಲ್ಲಿ ಬರೆದದ್ದು ಒಂದೇ ಸಾಲು: ಸಂಬಳ ಉದ್ಯಮದ ರೂಢಿಗೆ ತಕ್ಕಂತಿದೆ.