ಕೂರಬೇಡಿ, ಓದಬೇಡಿ, ಆದರೆ ಎಲ್ಲಾ ಬರೆಯಿರಿ

ಪರೀಕ್ಷಾ ಕೊಠಡಿಯ ಮೇಲ್ವಿಚಾರಕರಿಗೆ ಕೊಡುವ ಸೂಚನಾ ಪತ್ರವನ್ನು ಪೂರ್ತಿ ಓದಿದವರು ಯಾರಾದರೂ ಇದ್ದೀರಾ? ನಾನು ಓದಿದೆ. ಸುಮ್ನೆ ಹೇಳ್ತಿಲ್ಲ, ಅದು ಒಂದು ಒಗಟು. ಒಂದು ಪುಟದಲ್ಲಿ ‘ಮೇಲ್ವಿಚಾರಕರು ಕೊಠಡಿಯಲ್ಲಿ ಕೂರಬಾರದು, ಓದಬಾರದು, ಬರೆಯಬಾರದು, ಪರೀಕ್ಷಾರ್ಥಿಗಳ ಮೇಲಿಂದ ಕಣ್ಣು ತೆಗೆಯಬಾರದು’ ಎಂದಿದೆ. ಹಾಳೆ ತಿರುಗಿಸಿದರೆ ಅದೇ ಮನುಷ್ಯ ತುಂಬಬೇಕಾದ ನಮೂನೆಗಳ ಪಟ್ಟಿ!

ಲೆಕ್ಕ ಹಾಕೋಣ. ಕೊಠಡಿಯಲ್ಲಿ 40 ಜನ. ಒಬ್ಬೊಬ್ಬರ ಉತ್ತರ ಪತ್ರಿಕೆಗೆ ಒಂದು ಸಹಿ, ಹಾಜರಿ ಪಟ್ಟಿಯಲ್ಲಿ ಒಂದು, ತಲಾ ಎರಡು ರಫ್ ಶೀಟ್‌ಗಳಿಗೆ ಎರಡು. ಒಟ್ಟು 160 ಸಹಿ. ಎಲ್ಲವೂ ಮೊದಲ ಅರ್ಧ ಗಂಟೆಯಲ್ಲಿ ಮುಗಿಯಬೇಕು. ಅಂದರೆ ಒಂದು ಸಹಿಗೆ 11 ಸೆಕೆಂಡ್. ಹಾಲ್ ಟಿಕೆಟ್‌ನ ಫೋಟೋಗೂ ಎದುರಿನ ಮುಖಕ್ಕೂ ತಾಳೆ ನೋಡುವುದು ಇದೇ 11 ಸೆಕೆಂಡಿನಲ್ಲಿ. ಕಣ್ಣು ತೆಗೆಯಬಾರದು ಎಂಬ ನಿಯಮ ಪಾಲಿಸಲು ಮೂರನೇ ಕಣ್ಣೇ ಬೇಕು. ಮನೆಯಲ್ಲೇ ಸಹಿ ಮಾಡಿ ತರೋಣ ಎಂದರೆ ಅದೂ ಆಗದು. ಮುಂಚೆ ಸಹಿ ಮಾಡಿದ ರಫ್ ಶೀಟ್ ಒಂದು ಹೊರಗೆ ಹೋದರೆ, ಅದರಲ್ಲಿ ಏನನ್ನಾದರೂ ಬರೆದುಕೊಂಡು ಒಳಗೆ ತರಬಹುದು. ಆಗ ಅದು ಚೀಟಿಯಲ್ಲ, ಸಹಿ ಬಿದ್ದ ಅಧಿಕೃತ ಹಾಳೆ!

ಆಸನದ ವಿಷಯಕ್ಕೆ ಬನ್ನಿ. ಇದರಲ್ಲಿ ನಿಜಕ್ಕೂ ಒಂದು ಜಾಣತನ ಇದೆ, ಆದರೆ ಪತ್ರ ಅದನ್ನು ಹೇಳುವುದೇ ಇಲ್ಲ. ಪ್ರಶ್ನೆ ಪತ್ರಿಕೆ ಎ, ಬಿ, ಸಿ, ಡಿ ಸರಣಿಯಲ್ಲಿ ಬರುತ್ತದೆ ಅಂದುಕೊಳ್ಳಿ. ಮೊದಲ ಸಾಲು ಎ ಇಂದ ಶುರು, ಪಕ್ಕದ ಸಾಲು ಸಿ ಇಂದ. ಹೀಗೆ ಹಂಚಿದರೆ ಹಿಂದೆ, ಮುಂದೆ, ಪಕ್ಕ, ಓರೆ, ಎಲ್ಲಿ ನೋಡಿದರೂ ಬೇರೆ ಸರಣಿ. ಇಣುಕಿದವನಿಗೆ ಸಿಗುವುದು ಬೇರೆಯವರ ಪ್ರಶ್ನೆಯ ಉತ್ತರ.

ಈಗ ಎರಡನೇ ಸಾಲಿನ ಮೂರನೇ ಜಾಗದವರು ಬಂದಿಲ್ಲ. ಅವರ ಎ ಪತ್ರಿಕೆಯನ್ನು ಖಾಲಿ ಮೇಜಿನ ಮೇಲೆ ಇಡಬೇಕಿತ್ತು. 160 ಸಹಿಯ ಭರದಲ್ಲಿ ಮೇಲ್ವಿಚಾರಕರು ಅದನ್ನು ನಾಲ್ಕನೇ ಜಾಗದವರಿಗೆ ಕೊಟ್ಟುಬಿಟ್ಟರು. ಅಲ್ಲಿಂದ ಇಡೀ ಸಾಲು ಒಂದು ಹೆಜ್ಜೆ ಜಾರಿತು. ಈ ನಾಲ್ಕನೆಯವರ ಓರೆಯಲ್ಲಿ, ಮೊದಲ ಸಾಲಿನ ಐದನೇ ಜಾಗದಲ್ಲಿ ಕೂತವರ ಕೈಯಲ್ಲೂ ಎ! ಇನ್ನು ಕತ್ತು ತಿರುಗಿಸುವುದೊಂದೇ ಬಾಕಿ. ಪತ್ರದಲ್ಲಿ ಈ ಬಗ್ಗೆ ಇರುವುದು ಒಂದೇ ಸಾಲು: ‘ಸರಣಿಯ ಕ್ರಮ ಪಾಲಿಸತಕ್ಕದ್ದು’. ಯಾಕೆ ಎಂದು ಗೊತ್ತಿದ್ದರೆ ತಾನೇ ಪಾಲಿಸೋದು?

ಅಷ್ಟರಲ್ಲಿ, 25ನೇ ನಿಮಿಷಕ್ಕೆ, ಆ ಮೂರನೇ ಜಾಗದವರು ಬೆವರು ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ಪ್ರತ್ಯಕ್ಷ. ಅರ್ಧ ಗಂಟೆಯೊಳಗೆ ಬಂದವರನ್ನು ಬಿಡಬೇಕು, ಆಮೇಲೆ ಬಂದವರನ್ನು ಬಿಡಬಾರದು. ಅದೇ ಅರ್ಧ ಗಂಟೆ ಒಳಗಿದ್ದವರೂ ಹೊರಗೆ ಹೋಗುವಂತಿಲ್ಲ. ಇದು ಶಿಕ್ಷೆಯಲ್ಲ. ಪ್ರಶ್ನೆ ನೋಡಿ ಹೊರಗೆ ಹೋದವರೂ, ಇನ್ನೂ ಒಳಗೆ ಬರಬೇಕಾದವರೂ ದಾರಿಯಲ್ಲಿ ಎದುರಾಗಬಾರದು, ಅಷ್ಟೇ. ಇಷ್ಟು ಸರಳ ಕಾರಣವನ್ನು ಬರೆಯದೆ, ಪತ್ರ ತಡವಾಗಿ ಬಂದವರಿಂದ ‘ವಿವರಣೆ’ ಬರೆಸಿಕೊಳ್ಳಲು ಹೇಳುತ್ತದೆ. ಮೂರು ಪ್ರತಿಯಲ್ಲಿ! ಹೆಚ್ಚುವರಿ ಸಮಯ ಮಾತ್ರ ಇಲ್ಲ. ಅಲ್ಲಿಗೆ ತಡವಾದ ತಪ್ಪಿಗೆ ಇನ್ನಷ್ಟು ತಡ. ಕೊನೆಗೆ ಅವರಿಗೆ ಸಿಕ್ಕಿದ್ದು ಕಟ್ಟಿನಲ್ಲಿ ಉಳಿದಿದ್ದ ಬಿ. ಓರೆಯಾಗಿ ಮುಂದೆ ಕೂತವರದ್ದೂ ಬಿ. ತಡವಾಗಿ ಬಂದವರಿಗೆ ಇದಕ್ಕಿಂತ ಒಳ್ಳೆಯ ಸ್ವಾಗತ ಬೇಕಾ?

ಗಂಟೆ ಹೊಡೆಯಿತು. ಉತ್ತರ ಪತ್ರಿಕೆ ಎಣಿಸಿ ಕಟ್ಟಿದ್ದಾಯಿತು. ಈಗ ರಫ್ ಶೀಟ್. ಹಂಚಿದ್ದು 80, ಕೈಗೆ ಬಂದಿದ್ದು 79. ಹಂಚಿದ್ದು, ಉಳಿದದ್ದು, ಹರಿದದ್ದು ಎಲ್ಲ ಕೂಡಿ ತಾಳೆಯಾಗುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ಈ ಎಣಿಕೆ ಬೇಡ ಎನ್ನಲಾರೆ. ಬೆಳಗಿನ ಹಾಳೆ ಮಧ್ಯಾಹ್ನದ ಪರೀಕ್ಷೆಗೆ ನುಗ್ಗಬಾರದು ಎಂದೇ ಅದರ ಮೇಲೆ ದಿನಾಂಕ, ಕೊಠಡಿ ಸಂಖ್ಯೆ ಬರೆಸುತ್ತಾರೆ. ಆದರೆ ಮೂರು ಗಂಟೆ ಕತ್ತು ತಿರುಗಿದ್ದನ್ನು ಯಾರೂ ಎಣಿಸಲಿಲ್ಲ, ಅಲ್ವಾ? ಮೇಜಿನ ಕೆಳಗೆ, ಕಸದ ಬುಟ್ಟಿಯಲ್ಲಿ, ಉತ್ತರ ಪತ್ರಿಕೆಗಳ ನಡುವೆ ಹುಡುಕಾಟ ನಡೆಯಿತು. ಸಿಕ್ಕಿತು. ಯಾರೋ ಅದನ್ನು ನಾಲ್ಕಾಗಿ ಮಡಚಿ ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟಿದ್ದರು. ಇಡೀ ಕೊಠಡಿಯಲ್ಲಿ ನೆಟ್ಟಗೆ ಕೆಲಸ ಮಾಡಿದ ಕಾಗದ ಅದೊಂದೇ ಇರಬೇಕು.

ಕಡೆಯದಾಗಿ ದಿನದ ವರದಿ. ‘ನಕಲು ಪ್ರಕರಣ’ ಎಂಬ ಕಲಂನಲ್ಲಿ ‘ಇಲ್ಲ’ ಎಂದು ಮೊದಲೇ ಅಚ್ಚಾಗಿದೆ. ಮೇಲ್ವಿಚಾರಕರು ಕೆಳಗೆ ಸಹಿ ಮಾಡಿದರೆ ಸಾಕು. ಅದು 161ನೆಯದು.