ಎರಡು ವರ್ಷದಲ್ಲಿ ಮೂರು ಕಂಪನಿ ಏಕೆ ಎಂದು ಕೇಳಿದಾಗ

ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಸಾಫ್ಟ್‌ವೇರ್ ಕಂಪನಿಯಲ್ಲಿ ನೇಮಕಾತಿ ನೋಡಿಕೊಳ್ಳುವವಳು ನಾನು. ಈ ಪ್ರಶ್ನೆ ಬಿದ್ದ ಕೂಡಲೇ ಅಭ್ಯರ್ಥಿಗಳು ಹಳೆಯ ಮ್ಯಾನೇಜರುಗಳ ಜಾತಕ ಬಿಚ್ಚಿ ಕೂರುವುದನ್ನು ದಿನಾ ನೋಡುತ್ತೇನೆ. ಪ್ರಶ್ನೆ ಹಿಂದಿನದರ ಬಗ್ಗೆ ಇದ್ದರೂ ಕೇಳುವವರ ಆತಂಕ ಮುಂದಿನದರ ಬಗ್ಗೆ. ಆಯ್ಕೆಯಾದವರು ನೋಟಿಸ್ ಅವಧಿ ಮುಗಿಸಿ ಬರಲು ಎರಡು ಮೂರು ತಿಂಗಳು ಬೇಕು. ಬಂದ ಮೇಲೆ ಕೆಲಸ ಕೈಗೆ ಹತ್ತಲು ಇನ್ನೆರಡು ತಿಂಗಳು. ಅಷ್ಟರಲ್ಲಿ ರಾಜೀನಾಮೆ ಬಂದರೆ ಮ್ಯಾನೇಜರ್ ಮತ್ತೆ ಮೊದಲಿನಿಂದ ಹುಡುಕಬೇಕು. ಅವರ ಸಂಶಯಕ್ಕೆ ಇಷ್ಟೇ ಕಾರಣ. (ಒಂದೇ ಮಧ್ಯಾಹ್ನದಲ್ಲಿ ಇಡೀ ತಂಡವನ್ನು ಮನೆಗೆ ಕಳಿಸುವ ಉದ್ಯಮದವರೇ ನಿಷ್ಠೆಯ ಪಾಠ ಹೇಳುವುದು ನನಗೂ ನಗು ತರಿಸುತ್ತದೆ. ಆದರೆ ಅದನ್ನು ಸಂದರ್ಶನದಲ್ಲಿ ಹೇಳಿ ಗೆದ್ದವರನ್ನು ನಾನು ಕಂಡಿಲ್ಲ.)

ಈಚೆಗೆ ಹಾಸನದ ಕಡೆಯ ಹುಡುಗಿಯೊಬ್ಬಳು ಟೆಸ್ಟಿಂಗ್ ಕೆಲಸಕ್ಕೆ ಬಂದಿದ್ದಳು. ಮೊದಲ ಕಡೆ 11 ತಿಂಗಳು, ಎರಡನೆಯದರಲ್ಲಿ 7, ಮೂರನೆಯದರಲ್ಲಿ 4. ರೆಸ್ಯೂಮೆಯಲ್ಲಿ ಮೊದಲ ಕೆಲಸದ ಪಕ್ಕದಲ್ಲೇ ‘ಗುತ್ತಿಗೆ’ ಎಂದು ಬರೆದಿದ್ದಳು. ಏಜೆನ್ಸಿಯ ಪೇರೋಲ್‌ನಲ್ಲಿದ್ದು ಇನ್ನೊಂದು ಕಂಪನಿಗೆ ದುಡಿಯುವವರು ಇದನ್ನು ಬರೆಯಲು ಸಂಕೋಚಪಡುತ್ತಾರೆ. ಬರೆಯದಿದ್ದರೆ, ಅವಧಿ ಮುಗಿದು ಹೊರಬಂದವರೂ ಬಿಟ್ಟು ಓಡಿದವರಂತೆ ಕಾಣುತ್ತಾರೆ.

ನಮ್ಮ ಮ್ಯಾನೇಜರ್ ಹುಬ್ಬು ಗಂಟಿಕ್ಕಿಕೊಂಡೇ ಕೇಳಿದರು. ಅವಳ ಉತ್ತರ ಒಂದು ನಿಮಿಷವೂ ಆಗಲಿಲ್ಲ: “ಸರ್, ಮೊದಲನೆಯದು ಗುತ್ತಿಗೆ, ಪ್ರಾಜೆಕ್ಟ್ ಮುಗಿಯಿತು. ಎರಡನೆಯ ಕಂಪನಿ ನಮ್ಮ ಇಡೀ ತಂಡವನ್ನೇ ಮುಚ್ಚಿತು. ಮೂರನೆಯದನ್ನು ನಾನೇ ಬಿಟ್ಟೆ. ಆಟೊಮೇಷನ್ ಕೆಲಸ ಎಂದು ಸೇರಿಸಿಕೊಂಡಿದ್ದರು, ಕೊಟ್ಟಿದ್ದು ರಾತ್ರಿ ಪಾಳಿಯ ಸಪೋರ್ಟ್.”

‘ನಾನೇ ಬಿಟ್ಟೆ’ ಎಂಬ ಮಾತಿಗೆ ತೂಕವಿತ್ತು. ಮೂರಕ್ಕೂ ವಿಧಿಯನ್ನೋ ಮ್ಯಾನೇಜರನ್ನೋ ದೂರಿದರೆ ಕೇಳುವವರಿಗೆ ಒಂದೂ ನಂಬಿಕೆಗೆ ಬರುವುದಿಲ್ಲ. ‘ಕಲಿಯಲು ಅವಕಾಶ ಇರಲಿಲ್ಲ’ ಎಂದು ಮೂರು ಸಲ ಹೇಳಿದರೆ ಇನ್ನೂ ಕಷ್ಟ, ನಾಲ್ಕನೆಯ ಸಲ ಅದೇ ಮಾತು ನಮ್ಮ ಬಗ್ಗೆ ಬರುತ್ತದೆ ಎಂದು ಎದುರಿನವರು ಆಗಲೇ ಲೆಕ್ಕ ಹಾಕಿರುತ್ತಾರೆ.

ಮ್ಯಾನೇಜರ್ ಮುಂದಿನ ಪ್ರಶ್ನೆ ಹಾಕಿದರು: “ಬಿಡುವ ಮೊದಲು ಅಲ್ಲಿ ಯಾರನ್ನಾದರೂ ಕೇಳಿದಿರಾ?” ಜನ ಎಡವುವುದು ಇಲ್ಲೇ, ಏಕೆಂದರೆ ಇದಕ್ಕೆ ತಯಾರಾಗಿ ಬರುವವರು ಕಡಿಮೆ. ಅವಳು ಎರಡನೇ ತಿಂಗಳಲ್ಲೇ ತಂಡ ಬದಲಿಸಿಕೊಡಿ ಎಂದು ಮೇಲ್ ಮಾಡಿದ್ದಳು. ಸದ್ಯಕ್ಕೆ ಜಾಗವಿಲ್ಲ ಎಂಬ ಉತ್ತರ ಬಂದಿತ್ತು. ಪ್ರೊಬೇಷನ್‌ನಲ್ಲಿದ್ದುದರಿಂದ 30 ದಿನದ ನೋಟಿಸ್ ಇತ್ತು. ಅದನ್ನು ಪೂರ್ತಿ ಮುಗಿಸಿ, ಬಾಕಿ ಟಿಕೆಟ್‌ಗಳ ಪಟ್ಟಿಯನ್ನು ಮುಂದಿನವರಿಗೆ ಒಪ್ಪಿಸಿ ಬಂದಿದ್ದಳು. ಆಮೇಲೆ ಅವಳೇ ಕೇಳಿದಳು: “ಸರ್, ಈ ಹುದ್ದೆಯಲ್ಲಿ ವಾರಕ್ಕೆ ಎಷ್ಟು ದಿನ ಆಟೊಮೇಷನ್, ಎಷ್ಟು ದಿನ ಮ್ಯಾನುಯಲ್ ಟೆಸ್ಟಿಂಗ್ ಇರುತ್ತದೆ?” ಮ್ಯಾನೇಜರ್ ಸ್ವಲ್ಪ ತಡವರಿಸಿ, ಮೊದಲ ಆರು ತಿಂಗಳು ಅರ್ಧಕ್ಕರ್ಧ ಎಂದರು. ಪಾಳಿಯ ಬಗ್ಗೆಯೂ ವಿಚಾರಿಸಿಕೊಂಡು, ಅಷ್ಟಾದರೆ ತನಗೆ ಒಪ್ಪಿಗೆ ಎಂದಳು. ‘ಇಲ್ಲಿಯೇ ಇದ್ದುಬಿಡುತ್ತೇನೆ ಸರ್’ ಎಂಬ ಆಣೆ ಪ್ರಮಾಣಕ್ಕಿಂತ ಈ ವಿಚಾರಣೆಯೇ ಅವರನ್ನು ಒಲಿಸಿತು. ಹಿಂದೆ ಯಾವುದರಿಂದ ಬಿಡಬೇಕಾಯಿತೋ ಅದನ್ನು ಸೇರುವ ಮೊದಲೇ ಪರೀಕ್ಷಿಸುವವಳು ಬೇಗ ಬಿಡುವ ಸಂಭವ ಕಡಿಮೆ ತಾನೆ?

ಮೂರನ್ನೂ ಸಂಬಳಕ್ಕಾಗಿಯೇ ಬಿಟ್ಟವರಿಗೆ ಈ ದಾರಿ ಪೂರ್ತಿ ಒದಗುವುದಿಲ್ಲ. ಅಂಥವರು ಬೇರೆ ಕಥೆ ಕಟ್ಟುವ ಬದಲು, ಆರಂಭದ ಸಂಬಳ ತೀರಾ ಕಡಿಮೆಯಿತ್ತು, ಈಗ ಮಾರುಕಟ್ಟೆಯ ಮಟ್ಟಕ್ಕೆ ಬಂದಿದೆ ಎಂದು ನೇರವಾಗಿ ಹೇಳುವುದು ಮೇಲು. ಕೆಲವರು ಆಗಲೂ ಒಪ್ಪುವುದಿಲ್ಲ.

ಇನ್ನು ನಾಲ್ಕು ತಿಂಗಳ ಕೆಲಸವನ್ನು ರೆಸ್ಯೂಮೆಯಿಂದಲೇ ಅಳಿಸಿಬಿಡಿ ಎಂದು ಸಲಹೆ ಕೊಡುವ ಮಹಾನುಭಾವರಿದ್ದಾರೆ. ಆದರೆ ಪಿಎಫ್‌ನ ಯುಎಎನ್ ಸಂಖ್ಯೆ ಒಬ್ಬರಿಗೆ ಒಂದೇ, ಅದರಡಿ ಪ್ರತಿ ಕಂಪನಿಗೂ ಬೇರೆ ಸದಸ್ಯ ಐಡಿ. ಸರ್ವಿಸ್ ಹಿಸ್ಟರಿ ತೆರೆದರೆ ಸೇರಿದ ದಿನ, ಬಿಟ್ಟ ದಿನ ಎರಡೂ ಎದ್ದು ಕಾಣುತ್ತವೆ. ಹಿನ್ನೆಲೆ ಪರಿಶೀಲನೆ ಮಾಡುವವರು ಆ ಪುಟವನ್ನೇ ಕೇಳುವುದುಂಟು. ಪಿಎಫ್ ಕಡಿತವಾಗದಿದ್ದರೂ ಟಿಡಿಎಸ್ ಹಿಡಿದಿದ್ದರೆ ಆದಾಯ ತೆರಿಗೆ ಇಲಾಖೆಯ 26ಎಎಸ್ ವಿವರಪಟ್ಟಿಯಲ್ಲಿ ಕಂಪನಿಯ ಹೆಸರು ಇರುತ್ತದೆ. ಚಿಕ್ಕ ಅವಧಿಗೆ ನಾವು ವಿವರಣೆ ಕೇಳುತ್ತೇವೆ, ಮುಚ್ಚಿಟ್ಟ ಅವಧಿ ಸಿಕ್ಕರೆ ಆಫರ್ ಹಿಂದಕ್ಕೆ ಪಡೆಯುತ್ತೇವೆ. ಬಾಗಿಲು ಮುಚ್ಚುವ ಹಂತದಲ್ಲಿರುವ ಕಂಪನಿಯಲ್ಲಿ ಇದ್ದರೆ, ರಿಲೀವಿಂಗ್ ಲೆಟರ್ ಕೊಡುವ ಎಚ್‌ಆರ್ ಅಲ್ಲಿ ಉಳಿದಿರುವಾಗಲೇ ಅದನ್ನು ಪಡೆದಿಟ್ಟುಕೊಳ್ಳಿ.